ಪುಶ್ ರೇಟ್ ಏರಿದಾಗ ಪ್ರತಿ ಪುಶ್‌ನ ದೂರ ಯಾಕೆ ಇಳಿಯುತ್ತದೆ?

ಪ್ರಶ್ನೆ: ಸರ್, ನಾನು ಟಿ54 ವರ್ಗದಲ್ಲಿ 800 ಮತ್ತು 1500 ಮೀಟರ್ ವೀಲ್‌ಚೇರ್ ರೇಸ್ ಮಾಡುತ್ತೇನೆ. ಚೇರ್ ಪೂರ್ತಿ ವೇಗಕ್ಕೆ ಬಂದ ಮೇಲೆ 200 ಮೀಟರ್ ಅಳೆದು ನೋಡಿದೆ. ಮಾಮೂಲಿ ಲಯದಲ್ಲಿ 55 ಪುಶ್, 30 ಸೆಕೆಂಡ್. ಬೇಕಂತಲೇ ಬೇಗ ಬೇಗ ತಳ್ಳಿದಾಗ 61 ಪುಶ್, 29.2 ಸೆಕೆಂಡ್. ನಿಧಾನವಾಗಿ, ಉದ್ದಕ್ಕೆ ತಳ್ಳಿದಾಗ 50 ಪುಶ್, 31.5 ಸೆಕೆಂಡ್. ಬೇಗ ತಳ್ಳಿದಾಗ ಒಂದು ಪುಶ್‌ಗೆ ಸಿಗುವ ದೂರ 3.64 ಮೀಟರ್‌ನಿಂದ 3.28ಕ್ಕೆ ಇಳಿದಿದೆ. ಇದನ್ನು ನೋಡಿ ಕೋಚ್ "ಟೆಕ್ನಿಕ್ ಹಾಳಾಗ್ತಿದೆ, ಪುಶ್ ಉದ್ದ ಮಾಡು" ಅಂತಾರೆ. ಜೊತೆಯವರು "ರೇಟ್ ಏರಿಸು, ರಿಮ್ ಚಿಕ್ಕದು ಹಾಕಿಸು" ಅಂತಾರೆ. ಚಕ್ರಕ್ಕೆ ಹೊಂದಿಕೊಂಡಿರುವ, ಕೈಯಿಂದ ತಳ್ಳುವ ಬಳೆ, ಅಂದರೆ ರಿಮ್, ನನ್ನದು 15 ಇಂಚಿನದು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ದೂರ 36 ಸೆಂಟಿಮೀಟರ್ ಇಳಿದದ್ದರಲ್ಲಿ ಹೆಚ್ಚಿನ ಪಾಲು ನಿಮ್ಮ ತಪ್ಪಲ್ಲ. ರೇಟ್ ಏರಿಸಿದ ಯಾರಿಗೇ ಆದರೂ ಅಷ್ಟು ಇಳಿಯಲೇಬೇಕು. ಉಳಿದ ಸಣ್ಣ ಪಾಲಿನಲ್ಲಿ ಮಾತ್ರ ಕೋಚ್ ಹೇಳುವ ಮಾತಿಗೆ ಅರ್ಥ ಇದೆ. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ವರ್ಷಗಟ್ಟಲೆ ಇದೇ ಜಗಳ ನಡೆಯುತ್ತದೆ.

ವೇಗ ಅಂದರೆ ಪುಶ್ ರೇಟ್ ಮತ್ತು ಪ್ರತಿ ಪುಶ್‌ನ ದೂರ, ಇವೆರಡರ ಗುಣಲಬ್ಧ. ನಿಮ್ಮ ಮಾಮೂಲಿ ಓಟದಲ್ಲಿ ನಿಮಿಷಕ್ಕೆ 110 ಪುಶ್, ಅಂದರೆ ಸೆಕೆಂಡಿಗೆ 1.83. ಅದನ್ನು 3.64 ಮೀಟರ್‌ನಿಂದ ಗುಣಿಸಿದರೆ ಸೆಕೆಂಡಿಗೆ 6.67 ಮೀಟರ್, ಗಂಟೆಗೆ 24 ಕಿಲೋಮೀಟರ್. ಲೆಕ್ಕ ಸರಿಯಾಗಿದೆ. ತೊಂದರೆ ಶುರುವಾಗುವುದು ಇವೆರಡನ್ನೂ ಬೇರೆ ಬೇರೆ ತಿರುಗಿಸಬಹುದಾದ ಎರಡು ತಿರುಪು ಅಂದುಕೊಂಡಾಗ. ರೇಟ್ ನಿಮ್ಮ ಕೈಯಲ್ಲಿದೆ. ದೂರ ಹಾಗಲ್ಲ. ವೇಗವನ್ನು ರೇಟ್‌ನಿಂದ ಭಾಗಿಸಿದಾಗ ಉಳಿಯುವ ಸಂಖ್ಯೆ ಅದು, ಅಷ್ಟೇ. ಅದೇ ವೇಗದಲ್ಲಿ ಹೋಗುತ್ತಾ ಪುಶ್ ಕಡಿಮೆ ಮಾಡಿದರೆ ದೂರ ತಾನಾಗಿ ಜಾಸ್ತಿ ಕಾಣುತ್ತದೆ. ಇಳಿಜಾರಿನಲ್ಲಿ ಕೈ ಕಟ್ಟಿ ಕೂತರೆ ಒಂದು ಪುಶ್‌ಗೆ 50 ಮೀಟರ್ ಬೇಕಾದರೂ ಸಿಗುತ್ತದೆ!

ಆ 3.64 ಮೀಟರ್ ಹೇಗೆ ಆಗುತ್ತದೆ ನೋಡಿ. ನಿಯಮದ ಪ್ರಕಾರ ಹಿಂದಿನ ದೊಡ್ಡ ಚಕ್ರದ ವ್ಯಾಸ ಟೈರ್ ಸೇರಿ 70 ಸೆಂಟಿಮೀಟರ್ ಮೀರಬಾರದು. ನಿಮ್ಮದೂ ಅಷ್ಟೇ ಇದೆ ಅಂತಿಟ್ಟುಕೊಳ್ಳೋಣ. ಒಂದು ಸುತ್ತಿಗೆ ಚೇರ್ 2.2 ಮೀಟರ್ ಮುಂದೆ ಹೋಗುತ್ತದೆ. ಬಲ ಪಕ್ಕದಿಂದ ನೋಡಿದಾಗ ಚಕ್ರವನ್ನು ಗಡಿಯಾರ ಅಂದುಕೊಂಡರೆ, ನಿಮ್ಮ ಗ್ಲೌಸ್ ಸುಮಾರು 1 ಗಂಟೆಯ ಹತ್ತಿರ ರಿಮ್‌ಗೆ ತಾಗಿ 7 ಗಂಟೆಯ ಹತ್ತಿರ ಬಿಡುತ್ತದೆ. ಅಂದರೆ ಅರ್ಧ ಸುತ್ತು. ಆ ಹೊತ್ತಿನಲ್ಲಿ ಚೇರ್ ಹೋಗುವುದು 1.1 ಮೀಟರ್ ಮಾತ್ರ. ಉಳಿದ ಎರಡೂವರೆ ಮೀಟರ್ ನಿಮ್ಮ ಕೈ ಗಾಳಿಯಲ್ಲಿರುವಾಗ ಚೇರ್ ಉರುಳಿಕೊಂಡು ಹೋದ ದೂರ.

ಹಾಗಾಗಿ ಪ್ರತಿ ಪುಶ್‌ನ ದೂರದಲ್ಲಿ ನಿಮ್ಮ ತೋಳಿನ ಜೊತೆಗೆ ಟೈರ್‌ನ ಗಾಳಿ, ಚಕ್ರಗಳ ಜೋಡಣೆ, ಟ್ರ್ಯಾಕ್‌ನ ಮೇಲ್ಮೈ, ಬೀಸುವ ಗಾಳಿ ಎಲ್ಲವೂ ಸೇರಿಕೊಂಡಿವೆ. ಹಿಂದಿನ ಎರಡು ಚಕ್ರಗಳು ಮುಂದಕ್ಕೆ ನೋಡುವ ದಿಕ್ಕಿನಲ್ಲಿ ಚೂರು ಒಳಗೋ ಹೊರಗೋ ತಿರುಗಿದ್ದರೂ ಟೈರ್ ಉಜ್ಜಿಕೊಂಡು ಹೋಗುತ್ತದೆ. ಆಗ ಟೆಕ್ನಿಕ್ ಎಷ್ಟೇ ಚೆನ್ನಾಗಿದ್ದರೂ ದೂರ ಕಡಿಮೆ ಬರುತ್ತದೆ. ಬೇರೊಬ್ಬರ ಹಿಂದೆ ಅಂಟಿಕೊಂಡು ಹೋದರೆ ದೂರ ಜಾಸ್ತಿ ಬರುತ್ತದೆ, ಅದೂ ನಿಮ್ಮ ತೋಳಿನ ಸಾಧನೆ ಅಲ್ಲ.

"ದೊಡ್ಡ ಆಟಗಾರರ ಪುಶ್ ಉದ್ದ ಇರುತ್ತದೆ" ಅನ್ನುವ ಮಾತು ಬರುವುದೂ ಇಲ್ಲಿಂದಲೇ. ಸ್ವಿಟ್ಜರ್ಲೆಂಡಿನ ವೀಲ್‌ಚೇರ್ ರೇಸರ್ ಮಾರ್ಸೆಲ್ ಹುಗ್ 2021ರಲ್ಲಿ ಜಪಾನಿನ ಓಯಿಟಾದಲ್ಲಿ 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಸರಾಸರಿ ಸೆಕೆಂಡಿಗೆ 9 ಮೀಟರ್. ನೀವು ಅದೇ ವೇಗದಲ್ಲಿ ನಿಮ್ಮದೇ 110ರ ರೇಟ್‌ನಲ್ಲಿ ಹೋದರೆ ಪ್ರತಿ ಪುಶ್‌ಗೆ 4.9 ಮೀಟರ್ ಸಿಗುತ್ತದೆ. ವೇಗ ಇರುವುದರಿಂದ ದೂರ ಕಾಣುತ್ತದೆ. ದೂರ ಇರುವುದರಿಂದ ವೇಗ ಬಂತು ಅಂದುಕೊಂಡು ಉಲ್ಟಾ ಓದಬಾರದು.

ಹಾಗಾದರೆ ನೋಡಬೇಕಾದದ್ದು ಏನು? ಪ್ರತಿ ಪುಶ್ ಚೇರ್‌ಗೆ ಎಷ್ಟು ಶಕ್ತಿ ಕೊಟ್ಟಿತು ಅನ್ನುವುದು. ವೇಗ ಏರದೆ, ಇಳಿಯದೆ ಇರುವಾಗ ಇದನ್ನು ಅಂದಾಜು ಮಾಡುವುದು ಕಷ್ಟವಲ್ಲ. ಚೇರ್ ಅನ್ನು ಹಿಂದಕ್ಕೆ ಎಳೆಯುವ ತಡೆ ಎಷ್ಟಿದೆಯೋ ಅದನ್ನು ಪ್ರತಿ ಪುಶ್‌ನ ದೂರದಿಂದ ಗುಣಿಸಿದರೆ ಒಂದು ಪುಶ್‌ನ ಕೆಲಸ ಸಿಗುತ್ತದೆ. ತಡೆಯಲ್ಲಿ ಎರಡು ಭಾಗ. ಟೈರ್ ನೆಲದ ಮೇಲೆ ಉರುಳುವಾಗ ಆಗುವ ತಡೆ ವೇಗದ ಜೊತೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು.

ನಿಮ್ಮ ಮತ್ತು ಚೇರ್‌ನ ತೂಕ ಸೇರಿ 75 ಕಿಲೋ ಸುತ್ತಮುತ್ತ ಇರಬಹುದು ಅಂತಿಟ್ಟುಕೊಂಡು ನಾನು ಅಂದಾಜು ಮಾಡಿದೆ. ನೆಲದ ತಡೆ 4 ನ್ಯೂಟನ್, ಸೆಕೆಂಡಿಗೆ 6.67 ಮೀಟರ್ ವೇಗದಲ್ಲಿ ಗಾಳಿಯ ತಡೆ 5.8 ನ್ಯೂಟನ್. ಒಟ್ಟು 9.8, ಅಂದರೆ ಒಂದು ಕಿಲೋ ಕಲ್ಲಿನ ಭಾರದಷ್ಟು. ನಿಮ್ಮ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಆಚೀಚೆ ಇರಬಹುದು. ಆದರೆ ಮೂರೂ ಓಟಗಳಿಗೆ ಒಂದೇ ಅಂದಾಜು ಹಾಕುವುದರಿಂದ ಹೋಲಿಕೆ ಅಷ್ಟೇನೂ ಕೆಡುವುದಿಲ್ಲ.

ಮಾಮೂಲಿ ಓಟದಲ್ಲಿ ಒಂದು ಪುಶ್‌ನ ಕೆಲಸ 9.8 ಗುಣಿಸು 3.64, ಅಂದರೆ ಸುಮಾರು 35.6 ಜೂಲ್. ಬೇಗ ತಳ್ಳಿದ ಓಟದಲ್ಲಿ ವೇಗ 6.85 ಆದ್ದರಿಂದ ತಡೆ 10.1ಕ್ಕೆ ಏರಿತು. ಅದನ್ನು 3.28ರಿಂದ ಗುಣಿಸಿದರೆ 33.1 ಜೂಲ್. ದೂರ 10 ಶೇಕಡಾ ಇಳಿದಿದ್ದರೂ ಪುಶ್‌ನ ಕೆಲಸ ಇಳಿದದ್ದು 7 ಶೇಕಡಾ.

ಈಗ ಇನ್ನೊಂದು ಲೆಕ್ಕ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಬೇಗ ತಳ್ಳಿದ ಓಟದಲ್ಲಿ ನಿಮ್ಮ ರೇಟ್ ನಿಮಿಷಕ್ಕೆ 125. ಆ ರೇಟ್‌ನಲ್ಲೂ ಪ್ರತಿ ಪುಶ್ 35.6 ಜೂಲ್‌ಗೆ ಒಂದಿಷ್ಟೂ ಕಡಿಮೆಯಾಗದೆ ಇದ್ದಿದ್ದರೆ ಏನಾಗುತ್ತಿತ್ತು? ವೇಗ 7.07ರ ಹತ್ತಿರ ಬರುತ್ತಿತ್ತು, 200 ಮೀಟರ್ 28.3 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಆಗ ಪ್ರತಿ ಪುಶ್‌ನ ದೂರ? 3.39 ಮೀಟರ್. ಪುಶ್ ಒಂಚೂರೂ ಕೆಡದೆ ಇದ್ದರೂ ದೂರ 25 ಸೆಂಟಿಮೀಟರ್ ಇಳಿಯುತ್ತಿತ್ತು, ಯಾಕೆಂದರೆ ರೇಟ್ ಏರಿದಷ್ಟು ವೇಗ ಏರಲು ಗಾಳಿ ಬಿಡುವುದಿಲ್ಲ. ನಿಮ್ಮ 36 ಸೆಂಟಿಮೀಟರ್‌ನಲ್ಲಿ ಈ 25 ಕಳೆದರೆ ಉಳಿಯುವುದು 11. ಕೋಚ್ ಜೊತೆ ಮಾತಾಡಬೇಕಾದದ್ದು ಆ 11 ಸೆಂಟಿಮೀಟರ್ ಬಗ್ಗೆ ಮಾತ್ರ.

ನಿಧಾನದ ಓಟಕ್ಕೂ ಇದೇ ಲೆಕ್ಕ ಹಾಕಿ. ಅಲ್ಲಿ ದೂರ ಪೂರಾ 4 ಮೀಟರ್ ಬಂದಿದೆ, ಕೇಳಲು ಚೆನ್ನಾಗಿದೆ. ಆದರೆ ವೇಗ 6.35, ತಡೆ 9.3 ನ್ಯೂಟನ್, ಪುಶ್‌ನ ಕೆಲಸ 37 ಜೂಲ್. "ಉದ್ದದ ಪುಶ್" ಅಂದುಕೊಂಡದ್ದು ಮಾಮೂಲಿ ಪುಶ್‌ಗಿಂತ ಬರೀ 4 ಶೇಕಡಾ ಗಟ್ಟಿ. ಅದಕ್ಕಾಗಿ ರೇಟ್‌ನಲ್ಲಿ 13 ಶೇಕಡಾ ಬಿಟ್ಟುಕೊಟ್ಟಿದ್ದೀರಿ. ನಷ್ಟದ ವ್ಯಾಪಾರ ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. 61 ಪುಶ್‌ನಲ್ಲಿ ಒಂದು ಎಣಿಕೆ ತಪ್ಪಿದರೆ ದೂರ 5 ಸೆಂಟಿಮೀಟರ್ ಬದಲಾಗುತ್ತದೆ. ಹಾಗಾಗಿ 11 ಸೆಂಟಿಮೀಟರ್ ಒಂದೇ ಓಟದಿಂದ ನಂಬುವಂಥ ಸಂಖ್ಯೆ ಅಲ್ಲ. ಗಾಳಿಯಂತೂ ಇನ್ನೂ ಮೋಸ ಮಾಡುತ್ತದೆ. ಹಿಂದಿನಿಂದ ಸೆಕೆಂಡಿಗೆ ಒಂದು ಮೀಟರ್ ಗಾಳಿ ಬೀಸಿದರೆ, ಮುಖಕ್ಕೆ ತಾಗುವುದೂ ಗೊತ್ತಾಗದಷ್ಟು ಗಾಳಿ ಅದು, ನಿಮ್ಮ ಒಟ್ಟು ತಡೆ 16 ಶೇಕಡಾ ಇಳಿಯುತ್ತದೆ. ನಾವು ಹುಡುಕುತ್ತಿರುವ 7 ಶೇಕಡಾ ಅದರೊಳಗೇ ಮುಳುಗಿ ಹೋಗುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ, ಟ್ರ್ಯಾಕ್‌ನ ಅದೇ ಭಾಗದಲ್ಲಿ, ಪ್ರತಿ ರೇಟ್‌ಗೆ ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. ಮಧ್ಯೆ ಸಾಕಷ್ಟು ವಿಶ್ರಾಂತಿ ಇರಲಿ. ಎಲ್ಲ ನಿಧಾನದ ಓಟ ಮೊದಲು, ಎಲ್ಲ ವೇಗದ ಓಟ ಕೊನೆಗೆ ಅಂತ ಮಾಡಬೇಡಿ, ದಣಿವು ಸೇರಿಕೊಳ್ಳುತ್ತದೆ. ತಿರುವಿಗೆ ಹೋಗುವಾಗ, ಬರುವಾಗ ಮುಂದಿನ ಚಕ್ರವನ್ನು ತಿರುವಿಗೆ ಹೊಂದಿಸುವ ಕಾಂಪೆನ್ಸೇಟರ್‌ಗೆ ಕೈ ಬಡಿಯುತ್ತೀರಲ್ಲ, ಅಲ್ಲಿ ಒಂದು ಪುಶ್ ತಪ್ಪಿದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಇಷ್ಟು ಮಾಡಿದ ಮೇಲೂ 7 ಶೇಕಡಾ ನಷ್ಟ ಹಾಗೇ ಇದ್ದರೆ, ಅದು ಎಲ್ಲಿ ಸೋರುತ್ತಿದೆ ಅನ್ನುವುದು ಬಹುಮಟ್ಟಿಗೆ ಊಹಿಸಬಹುದು.

110ರ ರೇಟ್‌ನಲ್ಲಿ ಒಂದು ಪುಶ್‌ನ ಪೂರ್ತಿ ಸುತ್ತಿಗೆ ನಿಮಗೆ 0.55 ಸೆಕೆಂಡ್ ಸಿಗುತ್ತದೆ. ಅದರಲ್ಲಿ ಕೈ ರಿಮ್ ಮೇಲೆ ಇರುವುದು ಸುಮಾರು 0.17 ಸೆಕೆಂಡ್. ಉಳಿದ 0.38ರಲ್ಲಿ ಕೈ ಕೆಳಗಿನಿಂದ ಬಿಟ್ಟು, ಮೊಣಕೈ ಹಿಂದೆ ಮೇಲಕ್ಕೆ ಹೋಗಿ, ಮೈ ಸ್ವಲ್ಪ ಎದ್ದು, ಮತ್ತೆ ರಿಮ್ ಮೇಲೆ ಬಂದು ಬೀಳಬೇಕು. 125ರ ರೇಟ್‌ನಲ್ಲಿ ಪೂರ್ತಿ ಸುತ್ತಿಗೆ 0.48 ಸೆಕೆಂಡ್ ಮಾತ್ರ. ರಿಮ್ ಮೇಲೆ ಇರುವ ಸಮಯ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ಯಾಕೆಂದರೆ ಅದನ್ನು ತೀರ್ಮಾನಿಸುವುದು ಚಕ್ರ ತಿರುಗುವ ವೇಗ. ಹಾಗಾಗಿ ಉಳಿತಾಯ ಎಲ್ಲವೂ ಕೈ ವಾಪಸ್ ಬರುವ ಸಮಯದಿಂದಲೇ ಆಗಬೇಕು: 0.38 ಇದ್ದದ್ದು 0.32ಕ್ಕೆ.

ಕೈಗೆ ಅಷ್ಟು ಬೇಗ ವಾಪಸ್ ಬರಲು ಆಗದಿದ್ದರೆ ಅದು ದಾರಿ ಚಿಕ್ಕದು ಮಾಡಿಕೊಳ್ಳುತ್ತದೆ. ಮೊಣಕೈ ಪೂರ್ತಿ ಮೇಲೇಳುವುದಿಲ್ಲ, ಕೈ 1 ಗಂಟೆಯ ಬದಲು ಒಂದೂವರೆ, 2 ಗಂಟೆಯ ಹತ್ತಿರ ರಿಮ್‌ಗೆ ತಾಗುತ್ತದೆ. ಪುಶ್ ಉದ್ದಕ್ಕೂ ಒಂದೇ ಬಲ ಇರುತ್ತದೆ ಅಂದುಕೊಂಡರೆ 7 ಶೇಕಡಾ ನಷ್ಟಕ್ಕೆ ಸಾಕಾಗುವುದು 13 ಡಿಗ್ರಿ. 15 ಇಂಚಿನ ರಿಮ್ ಮೇಲೆ ಅದು 4 ಸೆಂಟಿಮೀಟರ್‌ಗೂ ಸ್ವಲ್ಪ ಜಾಸ್ತಿ. ಕೈ ಅಷ್ಟು ತಡವಾಗಿ ಬಿದ್ದರೆ ಸಾಕು. ಕಣ್ಣಿಗೆ ಇದು ಕಾಣುವುದಿಲ್ಲ, ಕೋಚ್ ಎಷ್ಟೇ ಅನುಭವಿ ಆಗಿರಲಿ.

ಇನ್ನೊಂದು ಕಾರಣವೂ ಇರಬಹುದು. ನಿಮ್ಮ ವೇಗದಲ್ಲಿ ರಿಮ್ ಸೆಕೆಂಡಿಗೆ 3.6 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕೈ ಅದಕ್ಕಿಂತ ಬೇಗ ಬಂದು ಬಡಿದರೆ ಮಾತ್ರ ಪುಶ್. ನಿಧಾನವಾಗಿ ಬಂದರೆ ಗ್ಲೌಸ್ ಒಂದು ಕ್ಷಣ ಬ್ರೇಕ್ ಆಗುತ್ತದೆ. ಅವಸರದಲ್ಲಿ ಕೈ ಪೂರ್ತಿ ಮೇಲೆ ಹೋಗದೆ ವಾಪಸ್ ಇಳಿದರೆ ವೇಗ ಹಿಡಿಯಲು ಜಾಗವೇ ಸಿಗುವುದಿಲ್ಲ. ಇದನ್ನು ಕಿವಿಯಿಂದ ಹಿಡಿಯಬಹುದು. ಒಳ್ಳೆಯ ಹೊಡೆತದ ಸದ್ದು ಗಟ್ಟಿಯಾಗಿ, ಚಿಕ್ಕದಾಗಿ ಇರುತ್ತದೆ. ಬ್ರೇಕ್ ಆದಾಗ ಉಜ್ಜಿದ ಸದ್ದು ಬರುತ್ತದೆ. ಗ್ಲೌಸ್‌ನ ರಬ್ಬರ್ ಬೇಗ ಸವೆಯುತ್ತಿದ್ದರೆ ಅದೂ ಒಂದು ಸುಳಿವು.

ಖಚಿತ ಮಾಡಿಕೊಳ್ಳಲು ವಿಡಿಯೋ ಬೇಕು. ಮೊಬೈಲ್‌ನ ಸ್ಲೋ ಮೋಷನ್ ಸಾಕು, ಆದರೆ ಸೆಕೆಂಡಿಗೆ 240 ಫ್ರೇಮ್ ಇರಲಿ. ಮಾಮೂಲಿ 30 ಫ್ರೇಮ್‌ನ ವಿಡಿಯೋದಲ್ಲಿ ಕೈ ರಿಮ್ ಮೇಲಿರುವುದು ಬರೀ 5 ಫ್ರೇಮ್. ಒಂದು ಫ್ರೇಮ್ ಆಚೀಚೆ ಆದರೆ ಲೆಕ್ಕ 20 ಶೇಕಡಾ ತಪ್ಪುತ್ತದೆ. 240ರಲ್ಲಿ ಅದೇ ಹೊತ್ತು 40 ಫ್ರೇಮ್ ಆಗುತ್ತದೆ. ಮೊಬೈಲ್ ಅನ್ನು ಟ್ರ್ಯಾಕ್ ಪಕ್ಕದಲ್ಲಿ, ಚಕ್ರದ ನಡುವಿನ ಎತ್ತರಕ್ಕೆ, ಅಲುಗಾಡದಂತೆ ಇಡಿ. 110ರ ರೇಟ್‌ನ ವಿಡಿಯೋ ಮತ್ತು 125ರ ವಿಡಿಯೋ ಪಕ್ಕ ಪಕ್ಕ ಇಟ್ಟು ಎರಡೇ ನೋಡಿ: ಕೈ ತಾಗುವ ಜಾಗ, ಕೈ ಬಿಡುವ ಜಾಗ. ಚೇರ್‌ಗೆ ಕಟ್ಟಿದ ಸೆನ್ಸರ್‌ನಿಂದ ಒಂದೊಂದು ಪುಶ್ ಒಳಗಿನ ವೇಗದ ಏರಿಳಿತ ನೋಡಲು ಹೋಗಬೇಡಿ. ಮೈ ಹಿಂದಕ್ಕೆ ಎದ್ದಾಗ ಚೇರ್ ತಾನಾಗಿ ಮುಂದಕ್ಕೆ ಜಿಗಿಯುತ್ತದೆ. ಕೈ ಗಾಳಿಯಲ್ಲಿದ್ದಾಗಲೂ ವೇಗ ಏರಿದಂತೆ ಸೆನ್ಸರ್ ತೋರಿಸುತ್ತದೆ. ಸೊಂಟದ ಮೇಲಿನ ಮೈ ಚೆನ್ನಾಗಿ ಆಡುವ ಟಿ54ರವರಲ್ಲಿ ಇದು ಇನ್ನೂ ಜಾಸ್ತಿ.

ಈಗ ಏನು ಮಾಡಬಹುದು ಅನ್ನುವ ವಿಷಯ. ನಾನು ಮೊದಲು ಹೇಳುವುದು, 125 ಬಿಟ್ಟು 118ರಲ್ಲಿ ಪ್ರಯತ್ನಿಸಿ. ಬೀಪ್ ಕೊಡುವ ಮೆಟ್ರೋನೋಮ್ ಆ್ಯಪ್ ಕಿವಿಯಲ್ಲಿ ಇಟ್ಟುಕೊಂಡರೆ ರೇಟ್ ಹಿಡಿಯಬಹುದು. ಅಭ್ಯಾಸಕ್ಕೆ ಮಾತ್ರ, ರೇಸ್‌ನಲ್ಲಿ ಅಲ್ಲ. ಗುರಿ ಒಂದೇ: ಕೈ 1 ಗಂಟೆಯಲ್ಲೇ ಬೀಳಬೇಕು. ಆ ರೇಟ್‌ನಲ್ಲಿ ಪುಶ್ 35.6 ಜೂಲ್ ಉಳಿಸಿಕೊಂಡರೆ ವೇಗ 6.88 ಆಗುತ್ತದೆ. 200 ಮೀಟರ್‌ಗೆ 57 ಪುಶ್, 29.1 ಸೆಕೆಂಡ್, ದೂರ 3.5 ಮೀಟರ್. ನೀವು 61 ಪುಶ್‌ನಲ್ಲಿ ತೆಗೆದ ಟೈಮ್ ಇದೇ ತಾನೆ! ನಾಲ್ಕು ಪುಶ್ ಕಡಿಮೆಯಲ್ಲಿ ಅದೇ ವೇಗ. 1500 ಮೀಟರ್‌ನಲ್ಲಿ ಅದು ಸುಮಾರು 30 ಪುಶ್ ಉಳಿತಾಯ. ಅದೇ ವೇಗದಲ್ಲಿ ತಮಗೆ ಸಹಜವಾದ ರೇಟ್‌ಗಿಂತ ತೀರಾ ಜಾಸ್ತಿ ತಳ್ಳಿದರೆ ಆಮ್ಲಜನಕದ ಖರ್ಚು ಏರುತ್ತದೆ, ತೋಳನ್ನು ಸುಮ್ನೆ ಹಿಂದಕ್ಕೆ ಮುಂದಕ್ಕೆ ಆಡಿಸಲೂ ಶಕ್ತಿ ಬೇಕಲ್ಲ. 57, 58 ಪುಶ್‌ನಲ್ಲಿ ಟೈಮ್ 29.5ರ ಮೇಲೆಯೇ ನಿಂತರೆ, 118ರಲ್ಲೂ ಪುಶ್ ಸೋರುತ್ತಿದೆ ಅಂತ ಅರ್ಥ. ಆಗ 114ಕ್ಕೆ ಇಳಿಸಿ ಅಲ್ಲಿಂದ ಏರಿಸಿಕೊಂಡು ಬನ್ನಿ.

ಕೋಚ್ ಹೇಳುವ ದಾರಿ, ಅಂದರೆ 110ರಲ್ಲೇ ಇದ್ದು ಪುಶ್ ಗಟ್ಟಿ ಮಾಡುವುದು, ಅದೂ ತಪ್ಪಲ್ಲ. ಆದರೆ ಅದೇ 6.88ರ ವೇಗ 110ರಲ್ಲಿ ಬೇಕಾದರೆ ಪ್ರತಿ ಪುಶ್‌ಗೆ 38 ಜೂಲ್ ಕೊಡಬೇಕು, 7 ಶೇಕಡಾ ಜಾಸ್ತಿ. ಅದು ವ್ಯಾಯಾಮ ಮಾಡಿ ತಿಂಗಳುಗಳಲ್ಲಿ ಬರುವ ಬಲ, ಇವತ್ತು ಮನಸ್ಸು ಮಾಡಿದರೆ ಬರುವುದಲ್ಲ. ಬಲ ಇಲ್ಲದೆ ದೂರದ ಸಂಖ್ಯೆ ಏರಿಸಲು ಹೋದವರು ಏನು ಮಾಡುತ್ತಾರೆ ಅಂತ ನೋಡಿದ್ದೇನೆ. ಕೈಯನ್ನು 7 ಗಂಟೆಯಲ್ಲಿ ಬಿಡದೆ 8ರ ತನಕ ಎಳೆಯುತ್ತಾರೆ. ಅಲ್ಲಿ ರಿಮ್ ಮೇಲಕ್ಕೆ ತಿರುಗಿರುತ್ತದೆ, ತೋಳು ನೇರವಾಗಿ ಹಿಂದಕ್ಕೆ ಚಾಚಿರುತ್ತದೆ, ಬಲ ಅಷ್ಟೇನೂ ಸಿಗುವುದಿಲ್ಲ. ಭುಜದ ಮುಂಭಾಗ ಮಾತ್ರ ಎಳೆಯುತ್ತದೆ. ಭುಜದ ಮುಂದೆ ನೋವು ಶುರುವಾದರೆ, ಅದರಲ್ಲೂ ರಾತ್ರಿ ಆ ಮಗ್ಗುಲಿಗೆ ಮಲಗಿದಾಗ ಕಾಣಿಸಿಕೊಂಡರೆ, ಪ್ರಯೋಗ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ದಿನವೂ ಚೇರ್ ಹತ್ತಿ ಇಳಿಯಲು ಬೇಕಾದ ಭುಜ ಅದೇ.

ಕೊನೆಗೆ ರಿಮ್. ರೇಸಿಂಗ್ ಚೇರ್‌ಗೆ ಗೇರ್ ಹಾಕುವಂತಿಲ್ಲ, ಒಂದು ಚಕ್ರಕ್ಕೆ ಒಂದೇ ರಿಮ್. ಹಾಗಾಗಿ ರಿಮ್‌ನ ಅಳತೆಯೇ ನಿಮ್ಮ ಗೇರ್. 15 ಇಂಚಿನಿಂದ 14ಕ್ಕೆ ಇಳಿದರೆ ಅದೇ ವೇಗದಲ್ಲಿ ಕೈ ಓಡಬೇಕಾದ ವೇಗ 3.6ರಿಂದ 3.4ಕ್ಕೆ ಇಳಿಯುತ್ತದೆ. ಅದೇ ಕೆಲಸಕ್ಕೆ ಒತ್ತಬೇಕಾದ ಬಲ 7 ಶೇಕಡಾ ಏರುತ್ತದೆ. ಚಿಕ್ಕ ರಿಮ್‌ನಲ್ಲಿ ಕೈಗೆ ಜಾಸ್ತಿ ಹೊತ್ತು ಸಿಗುತ್ತದೆ ಅನ್ನುವ ನಂಬಿಕೆ ಸರಿಯಲ್ಲ. ಅರ್ಧ ಸುತ್ತು ತಿರುಗಲು ಚಕ್ರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ, ರಿಮ್ ದೊಡ್ಡದಿರಲಿ ಚಿಕ್ಕದಿರಲಿ.

ನಿಮಗೆ ರಿಮ್ ಬದಲಾವಣೆ ಬೇಕೋ ಬೇಡವೋ ಅನ್ನುವುದಕ್ಕೆ ಉತ್ತರ ಆ ವಿಡಿಯೋದಲ್ಲೇ ಇದೆ. ಕೈ ಸರಿಯಾದ ಜಾಗದಲ್ಲೇ ಬೀಳುತ್ತಿದೆ, ಆದರೆ ಉಜ್ಜಿದ ಸದ್ದು ಬರುತ್ತಿದೆ ಅಂತಾದರೆ ಕೈ ವೇಗ ಸಾಲುತ್ತಿಲ್ಲ. ಅಲ್ಲಿ ಚಿಕ್ಕ ರಿಮ್ ಸಹಾಯ ಮಾಡಬಹುದು. ಕೈ ತಡವಾಗಿ ಬೀಳುತ್ತಿದ್ದರೆ ಚಿಕ್ಕ ರಿಮ್ ಅದನ್ನು ಇನ್ನೂ ಕೆಡಿಸುತ್ತದೆ. ರಿಮ್‌ನ ಮೇಲ್ತುದಿ ಒಂದೂಕಾಲು ಸೆಂಟಿಮೀಟರ್ ಕೆಳಗೆ ಹೋಗುತ್ತದೆ, ಕೈ ಇನ್ನಷ್ಟು ದೂರ ಹೋಗಿ ಬರಬೇಕು. ಸ್ಟಾರ್ಟ್ ಕೂಡ ಭಾರ ಆಗುತ್ತದೆ. 800 ಮೀಟರ್‌ನಲ್ಲಿ ಮೊದಲ ತಿರುವಿನಲ್ಲೇ ಗುಂಪಿನಿಂದ ಹಿಂದೆ ಬಿದ್ದರೆ, ಮುಂದಿನವರ ಬೆನ್ನ ಹಿಂದಿನ ಜಾಗ ಕೈತಪ್ಪುತ್ತದೆ. ಅಲ್ಲಿ ಕಳೆದುಕೊಂಡದ್ದನ್ನು ಚಿಕ್ಕ ರಿಮ್ ವಾಪಸ್ ಕೊಡುವುದು ಕಷ್ಟ. ಹಾಕಿಸಲೇಬೇಕು ಅನ್ನಿಸಿದರೆ ಒಂದೇ ಸಲ ಒಂದು ಇಂಚು ಇಳಿಸಬೇಡಿ, ಅರ್ಧ ಇಂಚಿನ ವ್ಯತ್ಯಾಸದ ಜೋಡಿ ಯಾರ ಬಳಿಯಾದರೂ ಇದ್ದರೆ ಎರವಲು ತಂದು ನೋಡಿ. ಆ ವಾರ ಸೀಟ್ ಆಗಲಿ, ಗ್ಲೌಸ್ ಆಗಲಿ ಬದಲಿಸಬೇಡಿ. 200 ಮೀಟರ್ ಜೊತೆಗೆ ನಿಂತಲ್ಲಿಂದ ಮೊದಲ 30 ಮೀಟರ್‌ನ ಟೈಮ್ ಕೂಡ ಬರೆದಿಟ್ಟುಕೊಳ್ಳಿ.